ಸ್ವಿಚ್ ಆಫ್ ಆದ ಮೇಲೂ ಹರಿಯುವ ಕರೆಂಟು

ತೋಟದ ಹನಿ ನೀರಾವರಿಗೆ ನೀರು ಬಿಡುವ, ನಿಲ್ಲಿಸುವ ಸೊಲೆನಾಯ್ಡ್ ವಾಲ್ವ್ ಒಂದನ್ನು ಬಿಚ್ಚಿದರೆ ಒಳಗೆ ಸಿಗುವುದು ತಾಮ್ರದ ತಂತಿಯ ಕಾಯಿಲ್, ಅದರ ನಡುವೆ ಮೇಲೆ ಕೆಳಗೆ ಜಾರುವ ಕಬ್ಬಿಣದ ಪ್ಲಂಜರ್, ಅದನ್ನು ಕೆಳಕ್ಕೆ ಒತ್ತುವ ಸ್ಪ್ರಿಂಗ್. ಕಾಯಿಲ್‌ಗೆ ಕರೆಂಟು ಕೊಟ್ಟರೆ ಪ್ಲಂಜರ್ ಮೇಲೇರಿ ನೀರಿಗೆ ದಾರಿಯಾಗುತ್ತದೆ. ಕರೆಂಟು ತೆಗೆದರೆ ಸ್ಪ್ರಿಂಗ್ ಅದನ್ನು ಮತ್ತೆ ಒತ್ತಿ ದಾರಿ ಮುಚ್ಚುತ್ತದೆ. ಇದಕ್ಕೆ ಕರೆಂಟು ಕೊಡುವ ಸರ್ಕ್ಯೂಟ್ ಬೋರ್ಡಿನಲ್ಲಿ, ಕಾಯಿಲ್‌ನ ಎರಡು ತುದಿಗಳ ನಡುವೆ, ಒಂದು ಪುಟ್ಟ ಕಪ್ಪು ಡಯೋಡ್ ಇರುತ್ತದೆ. ವಾಲ್ವ್ ಕೆಲಸ ಮಾಡುವಷ್ಟು ಹೊತ್ತೂ ಅದರಲ್ಲಿ ಕರೆಂಟು ಹರಿಯುವುದಿಲ್ಲ. ಅದರ ಕೆಲಸ ಶುರುವಾಗುವುದು ಸ್ವಿಚ್ ತೆರೆದುಕೊಂಡ ಮೇಲೆ, ಮುಗಿಯುವುದು ಕೆಲವೇ ಮಿಲಿಸೆಕೆಂಡುಗಳಲ್ಲಿ. ಇದನ್ನು ಫ್ರೀವೀಲಿಂಗ್ ಡಯೋಡ್ ಎನ್ನುತ್ತಾರೆ.

ಲೆಕ್ಕಕ್ಕೆ ಒಂದು ಕಾಯಿಲ್ ಇಟ್ಟುಕೊಳ್ಳೋಣ. ಬ್ಯಾಟರಿ 12 ವೋಲ್ಟ್, ತಂತಿಯ ರೆಸಿಸ್ಟೆನ್ಸ್ 24 ಓಮ್. ಹಾಗಾಗಿ ಹರಿಯುವ ಕರೆಂಟು ಅರ್ಧ ಆಂಪಿಯರ್. ಇಂಡಕ್ಟೆನ್ಸ್ 120 ಮಿಲಿಹೆನ್ರಿ, ಅಂದರೆ 0.12 ಹೆನ್ರಿ. ಸ್ವಿಚ್ ಆಗಿ ಕಾಯಿಲ್‌ನ ಕೆಳತುದಿಗೂ ನೆಗೆಟಿವ್‌ಗೂ ನಡುವೆ BD139 ಎಂಬ ಟ್ರಾನ್ಸಿಸ್ಟರ್ ಇದೆ. ಅದು 80 ವೋಲ್ಟ್‌ವರೆಗೆ ತಾಳಿಕೊಳ್ಳುತ್ತದೆ.

ಮೊದಲು ಡಯೋಡ್ ಇಲ್ಲವೆಂದುಕೊಳ್ಳಿ. ಕಾಯಿಲ್‌ನಲ್ಲಿ ಹರಿಯುವ ಕರೆಂಟು ಒಮ್ಮೆಗೇ ಬದಲಾಗಲು ಒಪ್ಪುವುದಿಲ್ಲ. ಅದನ್ನು ಬೇಗ ಇಳಿಸಿದಷ್ಟೂ ತುದಿಗಳಲ್ಲಿ ಹೆಚ್ಚು ವೋಲ್ಟೇಜ್ ಹುಟ್ಟುತ್ತದೆ. ಇಂಡಕ್ಟೆನ್ಸನ್ನು ಕರೆಂಟು ಇಳಿಯುವ ವೇಗದಿಂದ ಗುಣಿಸಿದರೆ ಆ ವೋಲ್ಟೇಜ್ ಸಿಗುತ್ತದೆ. ಉದ್ದನೆಯ ತಂತಿಯ ಸಂಪರ್ಕ ಬಿಡಿಸುವಾಗ ಕಿಡಿ ಹಾರುವುದನ್ನು ಅಮೆರಿಕದ ಜೋಸೆಫ್ ಹೆನ್ರಿ ಗಮನಿಸಿ 1832ರಲ್ಲಿ ಪ್ರಕಟಿಸಿದ. ಇಂಡಕ್ಟೆನ್ಸ್‌ನ ಅಳತೆಗೆ ಅವನದೇ ಹೆಸರು. ನಮ್ಮ ಟ್ರಾನ್ಸಿಸ್ಟರ್ ಅರ್ಧ ಆಂಪಿಯರನ್ನು 10 ಮೈಕ್ರೋಸೆಕೆಂಡಿನಲ್ಲಿ ಸೊನ್ನೆಗೆ ತರಲು ಹೊರಟರೆ ಹುಟ್ಟಬೇಕಾದ ವೋಲ್ಟೇಜ್ 6,000. ಅಷ್ಟು ಏರುವ ಮೊದಲೇ, ನೂರು ವೋಲ್ಟಿನ ಆಸುಪಾಸಿನಲ್ಲೇ, ಟ್ರಾನ್ಸಿಸ್ಟರ್ ಒಡೆದು ಕರೆಂಟಿಗೆ ದಾರಿ ಬಿಡುತ್ತದೆ. ಕೆಲವು ಸಲ ಹೀಗೆ ಆದರೂ ಬದುಕುತ್ತದೆ, ಆಮೇಲೊಂದು ದಿನ ಒಳಗೇ ಶಾರ್ಟ್ ಆಗುತ್ತದೆ. ಆಗ ವಾಲ್ವ್ ಮುಚ್ಚುವುದೇ ಇಲ್ಲ, ನೀರು ಹರಿಯುತ್ತಲೇ ಇರುತ್ತದೆ. ವಾಲ್ವ್ ಆಫ್ ಆಗುವಾಗಲೆಲ್ಲ ಪಕ್ಕದ ಮೈಕ್ರೋಕಂಟ್ರೋಲರ್ ರೀಸೆಟ್ ಆಗುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಈ ಡಯೋಡನ್ನು.

ಈಗ ಡಯೋಡ್ ಹಾಕೋಣ. ಅದರ ಬೆಳ್ಳಿ ಪಟ್ಟಿಯಿರುವ ತುದಿ ಕಾಯಿಲ್‌ನ ಪಾಸಿಟಿವ್ ಕಡೆಗೆ, ಇನ್ನೊಂದು ತುದಿ ಟ್ರಾನ್ಸಿಸ್ಟರ್ ಕಡೆಗೆ. ತಿರುಗಿಸಿ ಹಾಕಿದರೆ ಟ್ರಾನ್ಸಿಸ್ಟರ್ ಆನ್ ಆದ ತಕ್ಷಣ ಬ್ಯಾಟರಿಯ ಕರೆಂಟು ಡಯೋಡಿನ ಮೂಲಕವೇ ನುಗ್ಗಿ ಒಂದನ್ನಾದರೂ ಸುಡುತ್ತದೆ. ಸರಿಯಾಗಿ ಹಾಕಿದ್ದರೆ, ಟ್ರಾನ್ಸಿಸ್ಟರ್ ಆಫ್ ಆದ ಕ್ಷಣ ಕಾಯಿಲ್‌ನ ಕೆಳತುದಿಯ ವೋಲ್ಟೇಜ್ ಏರಿ 12.7 ಮುಟ್ಟುತ್ತದೆ. ಡಯೋಡ್ ತೆರೆದುಕೊಂಡು, ಕರೆಂಟು ಕಾಯಿಲ್‌ನಿಂದ ಹೊರಟು ಡಯೋಡ್ ದಾಟಿ ಕಾಯಿಲ್‌ಗೇ ಮರಳುತ್ತದೆ. ಬ್ಯಾಟರಿಗೂ ಅದಕ್ಕೂ ಆಗ ಸಂಬಂಧವೇ ಇಲ್ಲ.

ಹಾಗಾದರೆ ಈ ಕರೆಂಟು ಎಷ್ಟು ಹೊತ್ತು ಸುತ್ತುತ್ತದೆ? ಅದನ್ನು ತಡೆಯುವವು ಎರಡೇ: ತಂತಿಯ ರೆಸಿಸ್ಟೆನ್ಸ್, ಡಯೋಡಿನ ಸುಮಾರು 0.7 ವೋಲ್ಟ್. ಮೊದಲ ಕ್ಷಣದಲ್ಲಿ ತಂತಿಯಲ್ಲಿ 12 ವೋಲ್ಟ್, ಡಯೋಡಿನಲ್ಲಿ 0.7, ಒಟ್ಟು 12.7 ವೋಲ್ಟ್ ಕರೆಂಟಿಗೆ ಎದುರಾಗಿ ನಿಲ್ಲುತ್ತವೆ. ಇದನ್ನು 0.12ರಿಂದ ಭಾಗಿಸಿದರೆ ಇಳಿಯುವ ವೇಗ: ಮಿಲಿಸೆಕೆಂಡಿಗೆ ಸುಮಾರು 0.106 ಆಂಪಿಯರ್. ಇದೇ ವೇಗ ಉಳಿದಿದ್ದರೆ ಐದು ಮಿಲಿಸೆಕೆಂಡಿನೊಳಗೆ ಎಲ್ಲ ಮುಗಿಯುತ್ತಿತ್ತು. ಆದರೆ ಕರೆಂಟು ಇಳಿದಂತೆ ತಂತಿಯ ವೋಲ್ಟೇಜೂ ಇಳಿಯುತ್ತದೆ. ಕಾಲು ಆಂಪಿಯರಿಗೆ ಬಂದಾಗ ಎದುರು ನಿಲ್ಲುವುದು 6.7 ವೋಲ್ಟ್ ಮಾತ್ರ, ವೇಗ ಹೆಚ್ಚುಕಡಿಮೆ ಅರ್ಧ. ಉಳಿದಿರುವುದು ಕಡಿಮೆಯಾದಷ್ಟೂ ಇಳಿತ ನಿಧಾನವಾಗುತ್ತದೆ. ಎಕ್ಸ್‌ಪೊನೆನ್ಷಿಯಲ್ ಇಳಿಕೆ ಎಂದು ಪಠ್ಯದಲ್ಲಿ ಓದುವುದು ಇದನ್ನೇ.

ಪೂರ್ತಿ ಲೆಕ್ಕ ಒಂದೇ ಸಾಲಿನಲ್ಲಿ ಹಿಡಿಯುತ್ತದೆ:

i(t) = (I₀ + V_D/R)·e^(−t/τ) − V_D/R,  τ = L/R

ಇದರಲ್ಲಿ I₀ ಆರಂಭದ ಕರೆಂಟು, V_D ಡಯೋಡಿನ ವೋಲ್ಟೇಜ್. ನಮ್ಮ ಕಾಯಿಲ್‌ಗೆ τ ಐದು ಮಿಲಿಸೆಕೆಂಡ್. ಐದು ಮಿಲಿಸೆಕೆಂಡ್ ಕಳೆದಾಗ ಕರೆಂಟು 0.166 ಆಂಪಿಯರಿಗೆ ಇಳಿದಿರುತ್ತದೆ, ಹತ್ತಕ್ಕೆ 0.042ಕ್ಕೆ, ಸುಮಾರು 14.5ಕ್ಕೆ ಸೊನ್ನೆಗೆ. ಡಯೋಡನ್ನು ಲೆಕ್ಕದಿಂದ ಬಿಟ್ಟು ಬರೀ ರೆಸಿಸ್ಟೆನ್ಸ್ ಹಿಡಿದರೆ ಕರೆಂಟು ಎಂದೂ ಪೂರ್ತಿ ಸೊನ್ನೆಯಾಗುವುದಿಲ್ಲ. ಕೊನೆಯಲ್ಲಿ ಅದನ್ನು ಮುಗಿಸುವುದು ಆ 0.7 ವೋಲ್ಟೇ. ನಿಜವಾದ ಡಯೋಡಿನ ವೋಲ್ಟೇಜ್ ಕಡಿಮೆ ಕರೆಂಟಿನಲ್ಲಿ ತುಸು ಇಳಿಯುವುದರಿಂದ ಬಾಲ ಇದಕ್ಕಿಂತ ಕೊಂಚ ಉದ್ದ ಎಳೆಯುತ್ತದೆ.

ಕಾಯಿಲ್‌ನಲ್ಲಿ ಕೂಡಿದ್ದ ಶಕ್ತಿ 15 ಮಿಲಿಜೂಲ್. ಅದರಲ್ಲಿ ಹದಿಮೂರೂವರೆಯಷ್ಟು ತಾಮ್ರದ ತಂತಿಯಲ್ಲೇ ಬಿಸಿಯಾಗಿ ಹೋಗುತ್ತದೆ, ಡಯೋಡಿಗೆ ಬರುವುದು ಒಂದೂವರೆ ಮಾತ್ರ. ಒಂದು ಆಂಪಿಯರಿನ ಮಾಮೂಲಿ 1N4007 ಇಲ್ಲಿ ಬೆಚ್ಚಗೂ ಆಗದೇ ಉಳಿಯುವುದು ಅದಕ್ಕೇ. ಅದು ಆರಂಭದ ಅರ್ಧ ಆಂಪಿಯರನ್ನು ಹೊರಬಲ್ಲದಾದರೆ ಸಾಕು.

ಆದರೆ ಟ್ರಾನ್ಸಿಸ್ಟರನ್ನು ಉಳಿಸಿದ ಡಯೋಡ್ ವಾಲ್ವನ್ನು ಸೋಮಾರಿ ಮಾಡುತ್ತದೆ. ಕರೆಂಟು 0.1 ಆಂಪಿಯರಿಗೆ ಇಳಿದಾಗ ಸ್ಪ್ರಿಂಗ್ ಗೆಲ್ಲುತ್ತದೆ ಎಂದು ಹಿಡಿದರೆ, ಪ್ಲಂಜರ್ ಬಿಡುಗಡೆಯಾಗಲು ಏಳು ಮಿಲಿಸೆಕೆಂಡ್ ಬೇಕು. ತೋಟದ ನೀರಿಗೆ ಇದು ಲೆಕ್ಕಕ್ಕೇ ಬಾರದು. ಡೀಸೆಲ್ ಸಿಂಪಡಿಸುವ ಇಂಜೆಕ್ಟರಿಗೆ ಏಳು ಮಿಲಿಸೆಕೆಂಡ್ ಬಹಳ ದೊಡ್ಡದು. ರಿಲೇಯಲ್ಲಿ ತೊಂದರೆ ಇನ್ನೊಂದು ಬಗೆಯದು: ಕಾಯಿಲ್ ನಿಧಾನವಾಗಿ ಬಿಟ್ಟರೆ ಕಾಂಟ್ಯಾಕ್ಟುಗಳೂ ನಿಧಾನವಾಗಿ ಬೇರಾಗುತ್ತವೆ, ನಡುವಿನ ಆರ್ಕ್ ಹೆಚ್ಚು ಹೊತ್ತು ಉರಿಯುತ್ತದೆ, ಕೊನೆಗೆ ಕಾಂಟ್ಯಾಕ್ಟು ಅಂಟಿಕೊಳ್ಳುತ್ತದೆ.

ಪರಿಹಾರ ಮೇಲಿನ ಲೆಕ್ಕದಲ್ಲೇ ಇದೆ. ಎದುರು ನಿಲ್ಲುವ ವೋಲ್ಟೇಜ್ ಹೆಚ್ಚಿಸಿದರೆ ಕರೆಂಟು ಬೇಗ ಇಳಿಯುತ್ತದೆ. ಡಯೋಡಿನ ಜೊತೆಗೆ ಸೀರೀಸ್‌ನಲ್ಲಿ 24 ವೋಲ್ಟಿನ ಝೀನರ್ ಸೇರಿಸಿದರೆ ಡಯೋಡ್ ದಾರಿಯ 0.7 ವೋಲ್ಟ್ 24.7 ಆಗುತ್ತದೆ. ಆಗ ಅದೇ 0.1 ಆಂಪಿಯರಿಗೆ ಬರಲು ಒಂದೂವರೆ ಮಿಲಿಸೆಕೆಂಡ್ ಸಾಕು, ಎರಡರಲ್ಲಿ ಸೊನ್ನೆ. ಇದಕ್ಕೆ ತೆರಬೇಕಾದ ಬೆಲೆ ಟ್ರಾನ್ಸಿಸ್ಟರಿನ ಮೇಲೆ ಬೀಳುತ್ತದೆ: ಅದು ತಡೆಯಬೇಕಾದ್ದು 12 ಕೂಡಿಸು 24.7, ಸುಮಾರು 37 ವೋಲ್ಟ್. BD139ರ ಮಿತಿ 80 ಆದ್ದರಿಂದ ತೊಂದರೆಯಿಲ್ಲ. 30 ವೋಲ್ಟಿನ ಟ್ರಾನ್ಸಿಸ್ಟರ್ ಇದ್ದರೆ ಈ ಉಪಾಯ ಬಳಸಬಾರದು.

ಬೋರ್ಡಿನಲ್ಲಿರುವ ಡಯೋಡ್ ಸರಿಯಿದೆಯೇ ಎಂದು ನೋಡಲು ಮಲ್ಟಿಮೀಟರನ್ನು ಹಾಗೇ ತಾಗಿಸಿದರೆ ಏನೂ ಗೊತ್ತಾಗದು. ಪಕ್ಕದಲ್ಲೇ 24 ಓಮಿನ ಕಾಯಿಲ್ ಇರುವುದರಿಂದ ಎರಡೂ ದಿಕ್ಕಿನಲ್ಲಿ ಮೀಟರ್ ಹೆಚ್ಚುಕಡಿಮೆ ಶಾರ್ಟ್ ಎಂದೇ ತೋರಿಸುತ್ತದೆ. ಡಯೋಡಿನ ಒಂದು ಕಾಲನ್ನು ಬಿಡಿಸಿ ನೋಡಬೇಕು.

ಕರೆಂಟನ್ನೇ ಕಣ್ಣಿನಿಂದ ನೋಡಬೇಕೆಂದರೆ ಕಾಯಿಲ್‌ನ ಸೀರೀಸ್‌ನಲ್ಲಿ, ಡಯೋಡಿನ ಸುತ್ತಿನೊಳಗೇ, ಒಂದು ಓಮಿನ ರೆಸಿಸ್ಟರ್ ಹಾಕಿ ಅದರ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಆಸಿಲೋಸ್ಕೋಪಿನಲ್ಲಿ ಹಿಡಿಯಬಹುದು. ಅಲ್ಲಿ ಕಾಣುವ ಗೆರೆ ನಮ್ಮ ಸೂತ್ರದಷ್ಟು ನುಣುಪಾಗಿರುವುದಿಲ್ಲ. ಪ್ಲಂಜರ್ ಜಾರಿದಂತೆ ಕಾಯಿಲ್‌ನ ಇಂಡಕ್ಟೆನ್ಸೇ ಬದಲಾಗುತ್ತದೆ, ಆದ್ದರಿಂದ 0.12 ಹೆನ್ರಿ ಎಂಬುದು ಒಂದು ಸ್ಥಾನಕ್ಕೆ ಮಾತ್ರ ಸರಿಯಾದ ಸಂಖ್ಯೆ. ಇಳಿಯುವ ಗೆರೆಯ ನಡುವೆ, ಪ್ಲಂಜರ್ ಹಿಂದಿರುಗುವ ಹೊತ್ತಿಗೆ ಸರಿಯಾಗಿ, ಸಣ್ಣದೊಂದು ಉಬ್ಬು ಕಾಣುತ್ತದೆ. ವಾಲ್ವಿನ ಒಳಗೆ ಕೆಸರು ಕಟ್ಟಿ ಪ್ಲಂಜರ್ ಸಿಕ್ಕಿಬಿದ್ದಿದ್ದರೆ ಕರೆಂಟು ಇಳಿಯುತ್ತದೆ, ಉಬ್ಬು ಬರುವುದಿಲ್ಲ. ವಾಲ್ವನ್ನು ಬಿಚ್ಚದೆಯೇ ಅದು ಅಲುಗಿತೋ ಇಲ್ಲವೋ ಎಂದು ಇದರಿಂದ ಹೇಳಬಹುದು.