ಬೆರಳು ಬಿಟ್ಟ ಮೇಲಿನ ಅರ್ಧ ಸೆಕೆಂಡು

ಫೋನಿನ ತೆರೆಯ ಮೇಲೆ ಒಂದು ಕಾರ್ಡ್ ಇದೆ. ಹೆಬ್ಬೆರಳಿನಿಂದ ಅದನ್ನು ಬಲಕ್ಕೆ ಎಳೆಯುತ್ತೀರಿ. ಅರ್ಧ ದಾರಿಯಲ್ಲಿ ಬೇಡವೆನಿಸಿ ಬೆರಳು ಎತ್ತುತ್ತೀರಿ. ಕಾರ್ಡ್ ತನ್ನ ಜಾಗಕ್ಕೆ ಹಿಂದಿರುಗುತ್ತದೆ. ಇದಕ್ಕೆಲ್ಲ ಹಿಡಿಯುವುದು ಸುಮಾರು ಅರ್ಧ ಸೆಕೆಂಡು. ಒಂದು ಆ್ಯಪ್ ಕೈಗೆ ಹಿತವಾಗಿದೆ, ಇನ್ನೊಂದು ಯಾಕೋ ಒರಟಾಗಿದೆ ಎಂದು ನಮಗೆ ಅನಿಸುವುದಕ್ಕೆ ಬಹಳ ಸಲ ಈ ಅರ್ಧ ಸೆಕೆಂಡೇ ಕಾರಣ. ಬೆರಳು ತೆರೆಯ ಮೇಲಿರುವಷ್ಟು ಹೊತ್ತು ಕಾರ್ಡ್ ಬೆರಳಿನ ಜೊತೆಗೇ ಹೋದರೆ ಸಾಕು, ಅಲ್ಲಿ ಲೆಕ್ಕಾಚಾರವೇನೂ ಇಲ್ಲ. ಬೆರಳು ಎದ್ದ ಕ್ಷಣದಿಂದ ಕಾರ್ಡನ್ನು ನಡೆಸುವ ಹೊಣೆ ಪ್ರೋಗ್ರಾಮಿನದು.

ಹಳೆಯ ವಿಧಾನದಲ್ಲಿ ಅನಿಮೇಷನ್ನಿಗೆ ಒಂದು ಅವಧಿಯನ್ನು ನಿಗದಿ ಮಾಡುತ್ತಿದ್ದರು. 300 ಮಿಲಿಸೆಕೆಂಡಿನಲ್ಲಿ ಇಲ್ಲಿಂದ ಅಲ್ಲಿಗೆ ಹೋಗು, ಮೊದಲು ವೇಗವಾಗಿ, ಕೊನೆಗೆ ನಿಧಾನವಾಗಿ ಎಂದು ಹೇಳಿಬಿಟ್ಟರೆ ಮುಗಿಯಿತು. ಗುಂಡಿ ಒತ್ತಿದಾಗ ತೆರೆದುಕೊಳ್ಳುವ ಪಟ್ಟಿಗೆ ಇಷ್ಟು ಸಾಕು. ಎಳೆಯುವ ಕಾರ್ಡಿಗೆ ಸಾಲದು. ಬೆರಳು ಜೋರಾಗಿ ಬೀಸಿತೋ, ನಿಂತು ಮೆಲ್ಲಗೆ ಎದ್ದಿತೋ ಎಂಬುದು ಆ ಲೆಕ್ಕಕ್ಕೆ ಗೊತ್ತೇ ಇರುವುದಿಲ್ಲ. ಮರಳುತ್ತಿರುವ ಕಾರ್ಡನ್ನು ಮಧ್ಯದಲ್ಲೇ ಮತ್ತೆ ಹಿಡಿದು ಬಿಟ್ಟರೆ ಮೊದಲಿನಿಂದ ಶುರುವಾಗುತ್ತದೆ. ಸ್ಪ್ರಿಂಗ್ ಲೆಕ್ಕದಲ್ಲಿ ಅವಧಿ ಎಂಬುದೇ ಇಲ್ಲ. ಕಾರ್ಡ್ ಈಗ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂಬ ಎರಡು ಸಂಗತಿ ತಿಳಿದಿದ್ದರೆ ಮುಂದಿನ ಕ್ಷಣ ಎಲ್ಲಿರಬೇಕು ಎಂಬುದು ತಾನಾಗಿ ಬರುತ್ತದೆ.

ಒಂದು ಫ್ರೇಮಿನಿಂದ ಮುಂದಿನ ಫ್ರೇಮಿಗೆ ಹೋಗಲು ಬೇಕಾದ ಲೆಕ್ಕ ಮೂರೇ ಸಾಲು:

```js
const a = -k * x - c * v;
v += a * dt;
x += v * dt;
```

ಇಲ್ಲಿ `x` ಎಂದರೆ ಕಾರ್ಡ್ ತನ್ನ ಜಾಗದಿಂದ ಎಷ್ಟು ದೂರವಿದೆ ಎಂಬುದು, `v` ಅದರ ವೇಗ, `dt` ಹಿಂದಿನ ಫ್ರೇಮಿನಿಂದ ಕಳೆದ ಸಮಯ. `k` ಎಂಬುದು ಸ್ಪ್ರಿಂಗಿನ ಬಿಗಿತ. ದೂರ ಹೆಚ್ಚಿದಷ್ಟೂ ಹಿಂದಕ್ಕೆ ಸೆಳೆಯುವ ಬಲವೂ ಹೆಚ್ಚುತ್ತದೆ. ಇದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ. `c` ಎಂಬುದು ಡ್ಯಾಂಪಿಂಗ್, ವೇಗಕ್ಕೆ ಎದುರಾಗಿ ನಿಲ್ಲುವ ತಡೆ. ಸ್ಕೂಟರಿನ ಶಾಕ್ ಅಬ್ಸಾರ್ಬರಿನಲ್ಲೂ ಇವೇ ಎರಡು ಜೊತೆಯಾಗಿ ಕೆಲಸ ಮಾಡುತ್ತವೆ. ಹೊರಗಿನ ಸುರುಳಿ ಗಾಡಿಯನ್ನು ಮೇಲಕ್ಕೆ ತಳ್ಳಿದರೆ ಒಳಗಿನ ಎಣ್ಣೆ ಅದರ ಕುಣಿತವನ್ನು ಅಡಗಿಸುತ್ತದೆ. ಎಣ್ಣೆ ಸೋರಿಹೋದ ಗಾಡಿ ಹಂಪ್ ದಾಟಿದ ಮೇಲೂ ಕುಣಿಯುತ್ತಲೇ ಇರುತ್ತದೆ. ಇವೆರಡರ ಜೊತೆ ಕಾರ್ಡಿನ ತೂಕವೂ ಲೆಕ್ಕಕ್ಕೆ ಬರುತ್ತದೆ. ಅದನ್ನು 1 ಎಂದಿಟ್ಟು ಮರೆತುಬಿಡುವುದು ಒಳ್ಳೆಯದು, ಹೊಂದಿಸಲು ಎರಡು ಸಂಖ್ಯೆಗಳೇ ಬೇಕಾದಷ್ಟಾಯಿತು.

ಕಾರ್ಡನ್ನು ಜಾಗದಿಂದ 200 ಪಿಕ್ಸೆಲ್ ಎಳೆದು, ಅಲ್ಲೇ ನಿಲ್ಲಿಸಿ, ಬಿಟ್ಟೆವು ಎಂದುಕೊಳ್ಳಿ. ಬಿಗಿತ 200 ಇರಲಿ. ಡ್ಯಾಂಪಿಂಗ್ 10 ಇಟ್ಟರೆ ಕಾರ್ಡ್ ಧಾವಿಸಿ ಬಂದು, ಜಾಗ ದಾಟಿ ಆಚೆ ಬದಿಗೆ ಸುಮಾರು 61 ಪಿಕ್ಸೆಲ್ ಹೋಗಿ, ಮತ್ತೆ ಹಿಂದೆ ಬಂದು, ಮತ್ತೆ ದಾಟಿ, ಒಂದು ಸೆಕೆಂಡು ಕಳೆದ ಮೇಲೆ ಸುಮ್ಮನಾಗುತ್ತದೆ. ಓದಲು ಕಾದು ಕುಳಿತವರಿಗೆ ಇದು ಕಿರಿಕಿರಿ. ಡ್ಯಾಂಪಿಂಗ್ 20ಕ್ಕೆ ಏರಿಸಿದರೆ ಆಚೆಗೆ ದಾಟುವುದು 9 ಪಿಕ್ಸೆಲಿಗೂ ಕಡಿಮೆ, ಅರ್ಧ ಸೆಕೆಂಡಿನಲ್ಲಿ ಎಲ್ಲ ಶಾಂತ. 28.3ಕ್ಕೆ ತಂದರೆ ದಾಟುವುದೇ ಇಲ್ಲ, ನೆಟ್ಟಗೆ ಬಂದು ಕೂರುತ್ತದೆ, ಸಮಯ ಸರಿಸುಮಾರು ಅಷ್ಟೇ. ಇನ್ನಷ್ಟು ಡ್ಯಾಂಪಿಂಗ್ ಕೊಟ್ಟರೆ ಇನ್ನಷ್ಟು ಬೇಗ ನಿಲ್ಲುತ್ತದೆಂದು ಅನೇಕರು ನಂಬಿದ್ದಾರೆ. ಹಾಗೇನಿಲ್ಲ. ಅದನ್ನು 60 ಮಾಡಿ ನೋಡಿ, ಕೊನೆಯ ಕೆಲವು ಪಿಕ್ಸೆಲ್ ದಾಟಲು ಕಾರ್ಡ್ ತೆವಳುತ್ತದೆ, ಒಟ್ಟು ಒಂದೂವರೆ ಸೆಕೆಂಡು ಹಿಡಿಯುತ್ತದೆ. ಕುಣಿತವಿಲ್ಲದ ನಿಧಾನ ಕುಣಿತಕ್ಕಿಂತ ಹೆಚ್ಚು ಬೇಸರ ತರುತ್ತದೆ ಎಂಬುದು ನನ್ನ ಅಭಿಪ್ರಾಯ. ಕೈಗೆ ಅದು ಭಾರವೆನಿಸುತ್ತದೆ, ಫೋನೇ ಸೋತಿದೆ ಎನಿಸುತ್ತದೆ.

28.3 ಎಂಬ ಸಂಖ್ಯೆ ಬಂದದ್ದು ಬಿಗಿತದ ವರ್ಗಮೂಲದ ಎರಡು ಪಟ್ಟಿನಿಂದ. ದಾಟದೆ ಬಂದು ಕೂರುವ ಈ ಗಡಿಗೆ ಕ್ರಿಟಿಕಲ್ ಡ್ಯಾಂಪಿಂಗ್ ಎನ್ನುತ್ತಾರೆ. ನಾವಿಟ್ಟ ಡ್ಯಾಂಪಿಂಗನ್ನು ಈ ಗಡಿಯಿಂದ ಭಾಗಿಸಿದರೆ ಸಿಗುವುದು ಡ್ಯಾಂಪಿಂಗ್ ರೇಶಿಯೋ. 1 ಎಂದರೆ ಗಡಿ, ಅದಕ್ಕಿಂತ ಕಡಿಮೆ ಎಂದರೆ ಕುಣಿತ, ಹೆಚ್ಚು ಎಂದರೆ ತೆವಳಿಕೆ. ರಿಯಾಕ್ಟ್-ಸ್ಪ್ರಿಂಗ್ ಎಂಬ ಜನಪ್ರಿಯ ಲೈಬ್ರರಿಯಲ್ಲಿ ಮೊದಲೇ ಇಟ್ಟಿರುವ ಸಂಖ್ಯೆಗಳು `tension: 170, friction: 26`. ನೋಡಲು ಯಾರೋ ಅಂದಾಜಿನಿಂದ ಬರೆದಂತಿವೆ. ಆದರೆ 170ರ ವರ್ಗಮೂಲ ಸುಮಾರು 13, ಅದರ ಎರಡು ಪಟ್ಟು 26, ಅಂದರೆ ಸರಿಯಾಗಿ ಗಡಿಯ ಮೇಲೆ.

ಹೊಂದಿಸಲು ಕೂತವರು ಹೆಚ್ಚಾಗಿ ತೊಡಕಿಗೆ ಸಿಲುಕುವುದು ಇಲ್ಲೇ. ಕಾರ್ಡ್ ನಿಧಾನವೆನಿಸಿ, ಬಿಗಿತವನ್ನು 200ರಿಂದ 800ಕ್ಕೆ ಏರಿಸುತ್ತಾರೆ, ಡ್ಯಾಂಪಿಂಗ್ ಮುಟ್ಟುವುದಿಲ್ಲ. ಗಡಿ ಈಗ 56.6ಕ್ಕೆ ಏರಿರುವುದರಿಂದ 28.3 ಎಂಬುದು ಅದರ ಅರ್ಧವಾಯಿತು. ಸುಮ್ಮನೆ ಬಂದು ಕೂರುತ್ತಿದ್ದ ಕಾರ್ಡ್ ಈಗ ಎಳೆದ ದೂರದ ಶೇಕಡ 16ರಷ್ಟು ಆಚೆ ಹಾರುತ್ತದೆ. ಕುಣಿತ ತಗ್ಗಿಸಲು ಡ್ಯಾಂಪಿಂಗ್ ಏರಿಸುತ್ತಾರೆ, ಅದು ಜಾಸ್ತಿಯಾಗಿ ನಿಧಾನವಾಗುತ್ತದೆ, ಮತ್ತೆ ಬಿಗಿತಕ್ಕೆ ಕೈ ಹಾಕುತ್ತಾರೆ. ಮಧ್ಯಾಹ್ನವೆಲ್ಲ ಹೀಗೇ ಕಳೆಯಬಹುದು. ಬಿಗಿತ ನಾಲ್ಕು ಪಟ್ಟಾದರೆ ಡ್ಯಾಂಪಿಂಗ್ ಎರಡು ಪಟ್ಟಾಗಬೇಕು. ಆಗ ಚಲನೆಯ ಸ್ವಭಾವ ಹಾಗೇ ಉಳಿದು ವೇಗ ಮಾತ್ರ ಇಮ್ಮಡಿಯಾಗುತ್ತದೆ. ಆದ್ದರಿಂದ ಮೊದಲು ರೇಶಿಯೋ ಎಷ್ಟೆಂದು ತೀರ್ಮಾನಿಸಿ, ಅದನ್ನು ಅಲ್ಲೇ ಹಿಡಿದಿಟ್ಟು, ಆಮೇಲೆ ಬಿಗಿತವನ್ನು ತಿರುಗಿಸುವುದು ಸರಿಯಾದ ಕ್ರಮ. ಆಂಡ್ರಾಯ್ಡಿನ ಸ್ಪ್ರಿಂಗ್ ಲೈಬ್ರರಿ ಡ್ಯಾಂಪಿಂಗನ್ನು ಕೇಳುವುದೇ ರೇಶಿಯೋ ರೂಪದಲ್ಲಿ. ಅದರ `DAMPING_RATIO_LOW_BOUNCY` ಎಂದರೆ 0.75, `DAMPING_RATIO_NO_BOUNCY` ಎಂದರೆ 1. ಮರಳುವ ಕಾರ್ಡಿಗೆ ನನ್ನ ಆಯ್ಕೆ 0.8ರ ಆಸುಪಾಸು. 200 ಪಿಕ್ಸೆಲಿಗೆ ದಾಟುವುದು ಮೂರೇ ಪಿಕ್ಸೆಲ್. ಕಣ್ಣು ಅದನ್ನು ಕುಣಿತವೆಂದು ಗುರುತಿಸುವುದಿಲ್ಲ, ಆದರೆ ಕಾರ್ಡಿಗೆ ಜೀವವಿದೆ ಎನಿಸುತ್ತದೆ.

ಇಷ್ಟೆಲ್ಲ ಹೊಂದಿಸಿದ ಮೇಲೂ ಕಾರ್ಡ್ ಒರಟಾಗಿಯೇ ಉಳಿದರೆ ತಪ್ಪು ಈ ಸಂಖ್ಯೆಗಳಲ್ಲಿ ಇಲ್ಲ, ಬೆರಳಿನ ವೇಗ ಸ್ಪ್ರಿಂಗಿಗೆ ತಲುಪಿಲ್ಲ ಎಂದರ್ಥ. ಬೆರಳು ಸೆಕೆಂಡಿಗೆ 1000 ಪಿಕ್ಸೆಲಿನಂತೆ ಬಲಕ್ಕೆ ಓಡುತ್ತಿರುವಾಗಲೇ, 200ನೇ ಪಿಕ್ಸೆಲಿನಲ್ಲಿ ತೆರೆಯಿಂದ ಎದ್ದಿತು ಎನ್ನಿ. ಪ್ರೋಗ್ರಾಮು `v` ಅನ್ನು ಸೊನ್ನೆಯಿಂದ ಶುರು ಮಾಡಿದರೆ ಕಾರ್ಡ್ ಆ ಕ್ಷಣದಲ್ಲೇ ಗಕ್ಕನೆ ನಿಂತು ಎಡಕ್ಕೆ ತಿರುಗುತ್ತದೆ. 1000ವನ್ನೇ ಕೊಟ್ಟು ಶುರು ಮಾಡಿದರೆ, ಬಿಗಿತ 200, ರೇಶಿಯೋ 1 ಇರುವ ಸ್ಪ್ರಿಂಗಿನಲ್ಲಿ ಕಾರ್ಡ್ ಇನ್ನೂ 8 ಪಿಕ್ಸೆಲಿನಷ್ಟು ಬಲಕ್ಕೆ ಸರಿದು, ವೇಗ ಕಳೆದುಕೊಂಡು, ಆಮೇಲೆ ಹಿಂದಿರುಗುತ್ತದೆ. ಆ 8 ಪಿಕ್ಸೆಲ್ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಮುಗಿದುಹೋಗುತ್ತದೆ. ಆದರೂ ಅದು ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ಯಾರ ಕೈಗೂ ತಿಳಿಯುತ್ತದೆ. ವೇಗವನ್ನು ಕೊನೆಯ ಎರಡು ಸ್ಪರ್ಶಬಿಂದುಗಳಿಂದ ಮಾತ್ರ ಅಳೆಯಬಾರದು. ಬೆರಳು ಏಳುವಾಗ ಸಣ್ಣದಾಗಿ ಜಾರುತ್ತದೆ, ಆ ಜಾರುವಿಕೆಯೇ ವೇಗವೆಂದು ದಾಖಲಾಗಿಬಿಡುತ್ತದೆ. ಕೊನೆಯ 50ರಿಂದ 100 ಮಿಲಿಸೆಕೆಂಡಿನ ಸರಾಸರಿ ನಂಬಿಕೆಗೆ ಯೋಗ್ಯ.

ಕಾರ್ಡ್ ಮರಳಬೇಕೋ, ತೆರೆಯಿಂದ ಆಚೆ ಹೋಗಬೇಕೋ ಎಂದು ತೀರ್ಮಾನಿಸುವುದಕ್ಕೂ ಇದೇ ವೇಗ ಬೇಕು. 360 ಪಿಕ್ಸೆಲ್ ಅಗಲದ ಕಾರ್ಡ್ ಅರ್ಧ, ಎಂದರೆ 180 ಪಿಕ್ಸೆಲ್ ದಾಟಿದರೆ ಆಚೆ ಹೋಗಲಿ ಎಂದು ನಿಯಮವಿಟ್ಟಿದ್ದೇವೆ. ಒಬ್ಬರು 120 ಪಿಕ್ಸೆಲ್ ಮಾತ್ರ ಎಳೆದು ಸೆಕೆಂಡಿಗೆ 800 ಪಿಕ್ಸೆಲ್ ವೇಗದಲ್ಲಿ ಬೀಸಿದರು. ದೂರವನ್ನಷ್ಟೇ ನೋಡಿದರೆ ಕಾರ್ಡ್ ಹಿಂದಕ್ಕೆ ಬರುತ್ತದೆ, ಬೀಸಿದವರಿಗೆ ತಮ್ಮ ಮಾತನ್ನು ಫೋನು ಕೇಳಲಿಲ್ಲ ಎನಿಸುತ್ತದೆ. ಆ್ಯಪಲ್ ಕಂಪನಿಯ ವಿನ್ಯಾಸಕರು 2018ರ ಡೆವಲಪರ್ ಸಮ್ಮೇಳನದಲ್ಲಿ ಇದಕ್ಕೊಂದು ಸರಳ ಸೂತ್ರ ತೋರಿಸಿದರು. ಬಿಟ್ಟ ವೇಗದಲ್ಲೇ ಜಾರುತ್ತಾ ಹೋದರೆ ಕಾರ್ಡ್ ಎಲ್ಲಿ ನಿಲ್ಲುತ್ತಿತ್ತು ಎಂದು ಲೆಕ್ಕ ಹಾಕಿ, ಆ ಜಾಗವನ್ನು ನೋಡಿ ತೀರ್ಮಾನಿಸುವುದು:

```js
const end = x + (v / 1000) * d / (1 - d);
```

`d` ಎಂದರೆ ವೇಗ ಕುಂದುವ ಪ್ರಮಾಣ. ಅದನ್ನು 0.99 ಎಂದಿಟ್ಟರೆ ನಮ್ಮ ಕಾರ್ಡ್ ಇನ್ನೂ 79 ಪಿಕ್ಸೆಲ್ ಜಾರಿ 199ಕ್ಕೆ ತಲುಪುತ್ತಿತ್ತು. ಅದು 180ಕ್ಕಿಂತ ಹೆಚ್ಚು, ಆದ್ದರಿಂದ ಆಚೆ ಹೋಗಲಿ. ಅದೇ ಉಪನ್ಯಾಸದಲ್ಲಿ ಇನ್ನೊಂದು ಮಾತೂ ಇತ್ತು: ಕುಣಿತವಿಲ್ಲದ ಸ್ಪ್ರಿಂಗಿನಿಂದ ಶುರು ಮಾಡಿ, ಬೆರಳಿನ ಚಲನೆಯಲ್ಲೇ ರಭಸ ಇದ್ದಲ್ಲಿ ಸ್ವಲ್ಪ ಕುಣಿತ ಸೇರಿಸಿ. ಗುಂಡಿ ಒತ್ತಿ ಮುಚ್ಚಿದ ಕಾರ್ಡ್ ಕುಣಿದರೆ ಆ ಕುಣಿತಕ್ಕೆ ಕಾರಣವೇ ಕಾಣುವುದಿಲ್ಲ.

ಕಾರ್ಡ್ ನಿಂತಿತು ಎಂದು ಯಾವಾಗ ಘೋಷಿಸಬೇಕು ಎಂಬುದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಸ್ಪ್ರಿಂಗ್ ಲೆಕ್ಕದಲ್ಲಿ ಪೂರ್ತಿ ನಿಲ್ಲುವುದೆಂಬುದಿಲ್ಲ, ಚಲನೆ ಕ್ಷೀಣಿಸುತ್ತಲೇ ಇರುತ್ತದೆ, ಆದ್ದರಿಂದ ಎಲ್ಲೋ ಒಂದು ಕಡೆ ಸಾಕೆನ್ನಬೇಕು. ಡ್ಯಾಂಪಿಂಗ್ 20ರ ನಮ್ಮ ಉದಾಹರಣೆಯಲ್ಲಿ ಕಾರ್ಡ್ 0.24 ಸೆಕೆಂಡಿಗೆ ತನ್ನ ಜಾಗವನ್ನು ಮೊದಲ ಸಲ ದಾಟುತ್ತದೆ. ಆಗ ದೂರ ಸೊನ್ನೆ, ವೇಗ ಮಾತ್ರ ಸೆಕೆಂಡಿಗೆ 270 ಪಿಕ್ಸೆಲ್. ದೂರವನ್ನಷ್ಟೇ ನೋಡಿ ನಿಲ್ಲಿಸಿದರೆ ಕುಣಿತ ಅಲ್ಲೇ ಕತ್ತರಿಸಿಹೋಗುತ್ತದೆ. ಅದೂ ಪ್ರತಿ ಸಲ ಅಲ್ಲ. ಆ ವೇಗದಲ್ಲಿ ಒಂದೊಂದು ಫ್ರೇಮಿಗೆ ನಾಲ್ಕೂವರೆ ಪಿಕ್ಸೆಲ್ ಸರಿಯುವುದರಿಂದ, ಫ್ರೇಮು ಸೊನ್ನೆಯ ಹತ್ತಿರ ಬಿದ್ದ ಸಲ ಮಾತ್ರ. ಒಮ್ಮೆ ಕುಣಿದು ಇನ್ನೊಮ್ಮೆ ಕುಣಿಯದ ಕಾರ್ಡ್ ಕಂಡರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ವೇಗವನ್ನಷ್ಟೇ ನೋಡಿದರೆ ಬೇರೆ ತೊಂದರೆ. ಆಚೆ ತುದಿಯಲ್ಲಿ, ಹಿಂದಿರುಗುವ ಮುನ್ನ, ವೇಗ ಸೊನ್ನೆಯಾಗುತ್ತದೆ. ಅಲ್ಲೇ ನಿಲ್ಲಿಸಿದರೆ ಕಾರ್ಡ್ 9 ಪಿಕ್ಸೆಲ್ ಆಚೆ ನಿಲ್ಲುತ್ತದೆ ಅಥವಾ ಅಷ್ಟು ದೂರ ಫಟ್ಟನೆ ಜಿಗಿದು ಬರುತ್ತದೆ. ದೂರ ಅರ್ಧ ಪಿಕ್ಸೆಲಿಗಿಂತ ಕಡಿಮೆ ಇರಬೇಕು, ಅದೇ ಹೊತ್ತಿಗೆ ವೇಗವೂ ಅತಿ ಕಡಿಮೆ ಇರಬೇಕು. ಎರಡೂ ಕೂಡಿ ಬಂದಾಗ ಮಾತ್ರ ನಿಲ್ಲಿಸಬಹುದು.

ಬಿಗಿತವನ್ನು ಎಷ್ಟಾದರೂ ಏರಿಸಲು ಬರುವುದಿಲ್ಲ. ಮೇಲಿನ ಮೂರು ಸಾಲಿನ ಲೆಕ್ಕ ಸಮಯವನ್ನು ತುಂಡು ತುಂಡಾಗಿ ನೋಡುತ್ತದೆ. ಸೆಕೆಂಡಿಗೆ 60 ಫ್ರೇಮಿರುವ ತೆರೆಯಲ್ಲಿ ಬಿಗಿತ 200, ಡ್ಯಾಂಪಿಂಗ್ 28 ಸುಸೂತ್ರ ನಡೆಯುತ್ತವೆ. ಬಿಗಿತ 10000, ಡ್ಯಾಂಪಿಂಗ್ 200 ಇಟ್ಟರೆ ಪ್ರತಿ ಹೆಜ್ಜೆಯ ತಡೆ ಅತಿಯಾಗಿ ಕಾರ್ಡನ್ನು ಎದುರು ದಿಕ್ಕಿಗೆ ಎಸೆಯುತ್ತದೆ, ನಾಲ್ಕಾರು ಫ್ರೇಮಿನಲ್ಲಿ ಕಾರ್ಡ್ ತೆರೆಯಿಂದಲೇ ಮಾಯ. ಬ್ರೌಸರಿನಲ್ಲಿ ಬೇರೆ ಟ್ಯಾಬಿಗೆ ಹೋಗಿ ಬಂದಾಗ `dt` ಹಲವು ಸೆಕೆಂಡಾಗಿ ಬೆಳೆದು, ಸಾಧಾರಣ ಬಿಗಿತದಲ್ಲೂ ಹೀಗಾಗುತ್ತದೆ. `dt`ಗೆ ಒಂದು ಮೇಲ್ಮಿತಿ ಹಾಕಿ, ಪ್ರತಿ ಫ್ರೇಮನ್ನು ಸೆಕೆಂಡಿನ 240ನೇ ಒಂದು ಭಾಗದಷ್ಟು ಸಣ್ಣ ಹೆಜ್ಜೆಗಳಾಗಿ ಒಡೆದರೆ ಎರಡೂ ತೊಂದರೆ ತಪ್ಪುತ್ತವೆ. `dt`ಯನ್ನೇ ಅಳೆಯದೆ ಫ್ರೇಮಿಗೊಂದು ಹೆಜ್ಜೆ ಎಂದು ಬರೆದ ಪ್ರೋಗ್ರಾಮು 120 ಫ್ರೇಮಿನ ಫೋನಿನಲ್ಲಿ ಇಮ್ಮಡಿ ವೇಗದಲ್ಲಿ ಓಡುತ್ತದೆ. ಬರೆದವರ ಮೇಜಿನ ಮೇಲೆ ಸರಿಯಾಗಿದ್ದದ್ದು ಬೇರೆಯವರ ಕೈಯಲ್ಲಿ ಕೆಟ್ಟದ್ದೇಕೆ ಎಂಬುದಕ್ಕೆ ಇದು ಸಾಮಾನ್ಯ ಉತ್ತರ.

ತೆರೆಯ ಮೇಲಿನ ಚಲನೆ ಕಂಡರೆ ತಲೆಸುತ್ತು, ವಾಕರಿಕೆ ಬರುವವರಿದ್ದಾರೆ. ಚಲನೆ ಕಡಿಮೆ ಮಾಡಿ ಎಂದು ಅವರು ಫೋನಿನಲ್ಲಿ ಒಮ್ಮೆ ಹೇಳಿಟ್ಟರೆ ಬ್ರೌಸರಿಗೆ ಅದು `prefers-reduced-motion` ಎಂದು ತಿಳಿಯುತ್ತದೆ. ಅವರ ಪಾಲಿಗೆ ಬೆರಳಿನ ಜೊತೆ ಕಾರ್ಡ್ ಸರಿಯುವುದು ಹಾಗೇ ಇರಲಿ, ಏಕೆಂದರೆ ಆ ಚಲನೆ ಅವರೇ ಮಾಡಿದ್ದು. ಬೆರಳು ಬಿಟ್ಟ ಮೇಲೆ ಮಾತ್ರ ರೇಶಿಯೋ 1 ಇಟ್ಟು, ಬಿಗಿತ ಏರಿಸಿ, ಕಾರ್ಡನ್ನು ಕುಣಿಸದೆ ಬೇಗ ಜಾಗಕ್ಕೆ ಸೇರಿಸಬೇಕು.