ಎಳೆಯ ಮಕ್ಕಳ ಆಟದ ಸಾಮಾನು: ಬಣ್ಣವನ್ನೂ ಗಾತ್ರವನ್ನೂ ಪರೀಕ್ಷಿಸುವ ಬಗೆ

ನಮ್ಮ ಶಿಶುವಿಹಾರದ ಹಳೆಯ ಪೆಟ್ಟಿಗೆಯಲ್ಲಿದ್ದ ಹಳದಿ ಬಣ್ಣದ ಮರದ ಕುದುರೆಯು ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರ ನೆನಪಿನಲ್ಲಿರಬಹುದು. ಕಳೆದ ವರ್ಷ ನಾವು ಅದನ್ನು ಮಕ್ಕಳ ಕೈಗೆ ಕೊಡುವುದನ್ನು ನಿಲ್ಲಿಸಿ, ಗಾಜಿನ ಬೀರುವಿನೊಳಗೆ ಇರಿಸಿದೆವು. ಇದರ ಕಾರಣವೇನೆಂದು ಕೆಲವರು ಬೇಸರದಿಂದಲೇ ಕೇಳಿದರು. ಅದೇ ಸಮಯದಲ್ಲಿ ನಮ್ಮಲ್ಲಿ ಓದಿದ ಒಬ್ಬ ತಾಯಿಯು ಹದಿಮೂರು ತಿಂಗಳಿನ ತನ್ನ ಮಗನ ಆಟದ ಸಾಮಾನುಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದು, "ಅಮ್ಮನವರೇ, ಇವುಗಳಲ್ಲಿ ಯಾವುದನ್ನು ಕೊಡಲಿ, ಯಾವುದನ್ನು ಬಿಡಲಿ?" ಎಂದು ವಿಚಾರಿಸಿದಳು. ಹಿಂದಿನ ದಿನ ಆ ಮಗು ಬಂಡಿಯ ಚಕ್ರದ ಮರದ ಬಿರಡೆಯೊಂದನ್ನು ಬಾಯಿಯಲ್ಲಿ ಇಟ್ಟುಕೊಂಡು, ಕೆಮ್ಮಿ, ದೈವವಶಾತ್ ಉಗುಳಿತ್ತು. ಈ ಎರಡು ಪ್ರಶ್ನೆಗಳಿಗೂ ಉತ್ತರವನ್ನು ಒಂದೇ ಕಡೆ ಬರೆಯುವುದು ಲೇಸೆಂದು ನಮಗೆ ತೋರಿತು.

ಮೂರು ವರ್ಷದೊಳಗಿನ ಮಗುವು ವಸ್ತುವನ್ನು ಅರಿಯುವುದು ಕಣ್ಣಿಗಿಂತಲೂ ಹೆಚ್ಚಾಗಿ ಬಾಯಿಯಿಂದ. ಆದುದರಿಂದ ಸಾಮಾನು ಯಾವುದರಿಂದ ಆದದ್ದು ಎಂಬುದಕ್ಕೆ ಮೊದಲು, ಅದು ಬಾಯಿಗೆ ಹೋದರೆ ಏನಾಗುವುದು ಎಂಬುದನ್ನೇ ನೋಡತಕ್ಕದ್ದು. ಅದರಿಂದ ಏನು ಕರಗಿ ಹೊಟ್ಟೆಗೆ ಇಳಿಯುವುದು? ಏನು ಕಳಚಿ ಗಂಟಲಿನಲ್ಲಿ ನಿಲ್ಲುವುದು?

ಮೊದಲನೆಯದು ಬಣ್ಣದ ವಿಷಯ. ನಮ್ಮ ಸೀಮೆಯ ಚನ್ನಪಟ್ಟಣದ ಬೊಂಬೆಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿಯ ಕುಶಲಿಗಳು ಆಲೆ ಮರವೆಂಬ ಮೃದುವೂ ಬಿಳುಪೂ ಆದ ಮರವನ್ನು ಒಣಗಿಸಿ, ಕಡೆಯುವ ಯಂತ್ರದ ಮೇಲೆ ತಿರುಗಿಸುತ್ತಾ ಆಕಾರ ಕೊಡುತ್ತಾರೆ. ಬಳಿಕ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಶಾಖದಿಂದ ಅರಗು ಕರಗಿ ಮರದ ಮೇಲೆ ತೆಳುವಾಗಿ ಹರಡಿಕೊಳ್ಳುವುದು; ತಾಳೆಗರಿಯನ್ನು ಒತ್ತಿ ಹೊಳಪು ತರುತ್ತಾರೆ. ಅರಗು ಒಂದು ಹುಳುವಿನಿಂದ ದೊರೆಯುವ ಪದಾರ್ಥ. ತಿನ್ನುವ ಮಿಠಾಯಿಗಳಿಗೂ ಮಾತ್ರೆಗಳಿಗೂ ಹೊಳಪು ಕೊಡಲು ಶುದ್ಧವಾದ ಅರಗನ್ನು ಉಪಯೋಗಿಸುವುದುಂಟು. ಆದುದರಿಂದ ಅರಗಿನ ಬಗ್ಗೆ ಭಯವಿಲ್ಲ. ಭಯವಿರುವುದು ಅದರೊಳಗೆ ಬೆರೆಸಿದ ಬಣ್ಣದ ಪುಡಿಯ ಬಗ್ಗೆ.

ಅರಿಸಿನ, ನೀಲಿ ಮೊದಲಾದ ಗಿಡಮೂಲದ ಬಣ್ಣಗಳನ್ನು ಬೆರೆಸುವವರೂ ಇದ್ದಾರೆ, ರಾಸಾಯನಿಕ ಬಣ್ಣಗಳನ್ನು ಬೆರೆಸುವವರೂ ಇದ್ದಾರೆ. ಕೆಲವು ಹಳದಿ, ಕಿತ್ತಳೆ ಮತ್ತು ಕೆಂಪು ಬಣ್ಣಗಳಲ್ಲಿ ಸೀಸವೇ ಮೂಲವಸ್ತುವಾಗಿರುವುದು. ಹೊಳೆಯುವ ಹಳದಿಗಾಗಿ ಬಹು ಕಾಲ ಬಳಸಿದ್ದು ಸೀಸದ ಕ್ರೋಮೇಟು. "ಇದು ಸ್ವಾಭಾವಿಕ ಬಣ್ಣ" ಎಂಬ ಮಾತಿಗೂ ಪೂರ್ತಿ ಮರುಳಾಗಬಾರದು. ಹಳೆಯ ಕಾಲದ ಸಿಂಧೂರವು ಎಷ್ಟೇ ಸ್ವದೇಶಿಯಾಗಿದ್ದರೂ ಸೀಸವೇ. ನುಂಗಿದ ಸೀಸದಲ್ಲಿ ದೊಡ್ಡವರ ದೇಹವು ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಾಲು ಹೆಚ್ಚಾಗಿ ಎಳೆಯ ಮಗುವಿನ ದೇಹವು ಹೀರಿಕೊಳ್ಳುವುದೆಂದೂ, ಇಷ್ಟರ ಮಟ್ಟಿಗೆ ಇದ್ದರೆ ಅಪಾಯವಿಲ್ಲವೆಂದು ಹೇಳತಕ್ಕ ಪ್ರಮಾಣವೇ ಗೊತ್ತಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಕೆಡುಕು ಮುಖ್ಯವಾಗಿ ಬೆಳೆಯುತ್ತಿರುವ ಮೆದುಳಿಗೆ. ಮಗುವಿಗೆ ಆಗ ನೋವೂ ಇಲ್ಲ, ಜ್ವರವೂ ಇಲ್ಲ. ಎಷ್ಟೋ ವರ್ಷಗಳ ಮೇಲೆ ಪಾಠದಲ್ಲಿ ಹಿಂದೆ ಬೀಳುವಾಗ ಅದರ ಕಾರಣವನ್ನು ಯಾರೂ ಬೊಂಬೆಯಲ್ಲಿ ಹುಡುಕುವುದಿಲ್ಲ.

ಸೀಸವಿದೆಯೇ ಇಲ್ಲವೇ ಎಂಬುದನ್ನು ಮನೆಯಲ್ಲಿ ನೋಡಿ, ಮೂಸಿ, ತೊಳೆದು ತಿಳಿಯಲಾಗದು. ಇದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಏಕೆಂದರೆ ಒದ್ದೆ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡದಿದ್ದರೆ ನಿಶ್ಚಿಂತೆಯೆಂದು ಅನೇಕರು ನಂಬಿದ್ದಾರೆ. ಬಣ್ಣ ಬಿಟ್ಟರೆ ಆ ಸಾಮಾನು ಬೇಡವೆಂಬುದು ನಿಜ. ಬಿಡದಿದ್ದರೆ ಬಾಯಿಯ ಜೊಲ್ಲಿಗೆ ಬೇಗ ಕರಗದು ಎಂದಷ್ಟೇ ಅರ್ಥ, ಹಲ್ಲಿನಿಂದ ಕೆರೆದ ಚೂರಿನ ಮಾತು ಬೇರೆ. ಪ್ರಯೋಗಶಾಲೆಯಲ್ಲಿ ಮಾಡುವ ಪರೀಕ್ಷೆಯು ಆ ಚೂರನ್ನೇ ಕುರಿತದ್ದು. ಬಣ್ಣವನ್ನು ಕೆರೆದು, ಹೊಟ್ಟೆಯ ಆಮ್ಲದಷ್ಟು ಖಾರವಾದ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಮೈಯ ಶಾಖದಲ್ಲಿ ಎರಡು ಗಂಟೆಗಳ ಕಾಲ ಇಟ್ಟು, ಎಷ್ಟು ಸೀಸ ಹೊರಬಂದಿತೆಂದು ಅಳೆಯುತ್ತಾರೆ. ಕಿಲೋಗ್ರಾಂ ಬಣ್ಣಕ್ಕೆ 90 ಮಿಲಿಗ್ರಾಮಿಗಿಂತ ಹೆಚ್ಚಾಗಬಾರದೆಂಬುದು ಮಿತಿ.

ಅರಗಿನ ಸಾಮಾನಿನಲ್ಲಿ ಕೊಳ್ಳುವವರು ಕಣ್ಣಿಟ್ಟು ನೋಡಬೇಕಾದ ಸ್ಥಳ ಇನ್ನೊಂದುಂಟು. ಕಡೆಯುವ ಯಂತ್ರದಲ್ಲಿ ಅರಗು ಹತ್ತುವುದು ಸುತ್ತ ತಿರುಗುವ ದುಂಡು ಭಾಗಗಳಿಗೆ ಮಾತ್ರ. ಬೊಂಬೆಯ ಕಣ್ಣು, ಹುಬ್ಬು, ಬಾಯಿ, ಬಂಡಿಯ ಚಪ್ಪಟೆ ಹಲಗೆ, ಇವುಗಳನ್ನು ಕುಂಚದಿಂದ ಬೇರೆ ಬಣ್ಣದಲ್ಲಿ ಬರೆಯುತ್ತಾರೆ. ಒಂದೇ ಬೊಂಬೆಯ ಮೈ ಅರಗಿನದಾಗಿದ್ದು ಮುಖ ಡಬ್ಬಿಯ ಬಣ್ಣದ್ದಾಗಿರಬಹುದು. ಇದನ್ನು ತಿಳಿಯಲು ಉಪಾಯವಿದೆ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಕಣ್ಣಿಗೆ ಬೀಳದ ಮೂಲೆಯಲ್ಲಿ ಉಜ್ಜಿರಿ. ಅರಗು ಸ್ಪಿರಿಟ್ಟಿನಲ್ಲಿ ಕರಗುವುದರಿಂದ ಅಂಟಾಗಿ ಬಣ್ಣವು ಹತ್ತಿಗೆ ಬರುವುದು. ಒಣಗಿದ ಎಣ್ಣೆಬಣ್ಣವು ಅಷ್ಟು ಸುಲಭವಾಗಿ ಜಗ್ಗದು. ಈ ಪರೀಕ್ಷೆಯು ಅರಗೋ ಡಬ್ಬಿಬಣ್ಣವೋ ಎಂದು ಹೇಳುವುದೇ ಹೊರತು ಸೀಸದ ಸುದ್ದಿ ಹೇಳದು.

ಹಾಗಾದರೆ ಕೊಳ್ಳುವುದು ಹೇಗೆ? 2021ನೆಯ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟದ ಸಾಮಾನುಗಳ ಮೇಲೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ, ಹೊರದೇಶದಿಂದ ಬಂದವುಗಳಿಗೂ ಇದೇ ನಿಯಮ. ಗುರುತಿನ ಕೆಳಗೆ ಸಿ.ಎಂ./ಎಲ್. ಎಂದು ಆರಂಭವಾಗುವ ಪರವಾನಗಿಯ ಸಂಖ್ಯೆ ಇರುವುದು, ಬಿ.ಐ.ಎಸ್. ಕೇರ್ ಎಂಬ ಸರಕಾರಿ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿ ನಿಜವೋ ಸುಳ್ಳೋ ನೋಡಬಹುದು. ಆದರೆ ನೋಂದಾಯಿತ ಕುಶಲಿಗಳು ತಾವೇ ಮಾಡಿ ಮಾರುವ ಸಾಮಾನಿಗೂ, ಭೌಗೋಳಿಕ ಗುರುತು ಪಡೆದ ಸಾಮಾನಿಗೂ ಈ ನಿಯಮದಿಂದ ವಿನಾಯಿತಿಯುಂಟು. ಚನ್ನಪಟ್ಟಣದ ಬೊಂಬೆಗೆ ಆ ಗುರುತು ಇದೆ. ಆದುದರಿಂದ ಐ.ಎಸ್.ಐ. ಇಲ್ಲದ ಮಾತ್ರಕ್ಕೆ ಅದು ಕೆಟ್ಟದ್ದೂ ಅಲ್ಲ, ಚನ್ನಪಟ್ಟಣದ್ದು ಎಂದ ಮಾತ್ರಕ್ಕೆ ಅದರ ಬಣ್ಣದ ಪರೀಕ್ಷೆಯಾಗಿದೆ ಎಂದೂ ಅಲ್ಲ. ಅಂಥಲ್ಲಿ ಮಾರುವವರನ್ನೇ ಕೇಳತಕ್ಕದ್ದು: ಅರಗಿಗೆ ಬೆರೆಸಿದ ಬಣ್ಣ ಯಾವುದು, ಈ ಬಣ್ಣಕ್ಕೆ ಸೀಸದ ಪರೀಕ್ಷೆಯ ಪತ್ರವಿದೆಯೇ? ಒಳ್ಳೆಯ ತಯಾರಕರು ಇದಕ್ಕೆ ಸಿಟ್ಟಾಗುವುದಿಲ್ಲ. ಉತ್ತರ ಬಾರದಿದ್ದರೆ, ಬಣ್ಣ ಹಚ್ಚದ ಬರಿಯ ಮರದ ಸಾಮಾನನ್ನು ಕೊಳ್ಳುವುದು ನಮಗೆ ಸರಿಯಾಗಿ ಕಾಣುತ್ತದೆ.

ನಮ್ಮ ಹಳದಿ ಕುದುರೆಯ ಕಥೆಯೂ ಇಷ್ಟೇ. ಅದು ಯಾವ ಕಾಲದ್ದೆಂದೂ, ಯಾವ ಬಣ್ಣವೆಂದೂ ಬಲ್ಲವರಿಲ್ಲ. ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಇಳಿಸಿದ ನಿಯಮವು ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ. ಕುದುರೆಯು ಅದಕ್ಕಿಂತ ಬಹಳ ಹಿರಿಯದು. ಮೇಲೆ ಹೊಸ ಬಣ್ಣ ಬಳಿಸಿ ಕೊಡೋಣವೆಂದು ಒಬ್ಬರು ಹೇಳಿದರು. ಕಚ್ಚಿದಲ್ಲಿ ಮೇಲಿನ ಪದರದೊಡನೆ ಕೆಳಗಿನದೂ ಏಳುವುದು. ಮರಳುಕಾಗದದಿಂದ ಉಜ್ಜಿ ತೆಗೆಯಹೋದರೆ ಆ ಧೂಳು ಇನ್ನೂ ಕೆಟ್ಟದ್ದು. ನಿಮ್ಮ ಮನೆಗಳಲ್ಲಿ ಅಜ್ಜಿಯ ಕಾಲದ ಬಣ್ಣದ ತೊಟ್ಟಿಲ ಬೊಂಬೆಗಳಿದ್ದರೆ ಅವನ್ನೂ ನೋಡಲು ಮಾತ್ರ ಇಡಿರಿ.

ಇನ್ನು ಗಂಟಲಿನ ವಿಷಯ. ಇಲ್ಲಿ ಮನೆಯ ಪರೀಕ್ಷೆ ಚೆನ್ನಾಗಿ ನಡೆಯುವುದು. ಮೂರು ವರ್ಷದೊಳಗಿನವರ ಸಾಮಾನನ್ನು ಅಳೆಯಲು 31.7 ಮಿಲಿಮೀಟರ್ ಅಗಲದ ಕೊಳವೆಯೊಂದನ್ನು ಉಪಯೋಗಿಸುತ್ತಾರೆ. ಅದರ ತಳವು ಓರೆಯಾಗಿದ್ದು, ಆಳವು ಒಂದು ಕಡೆ ಎರಡೂವರೆ ಸೆಂಟಿಮೀಟರ್, ಇನ್ನೊಂದು ಕಡೆ 5.7 ಸೆಂಟಿಮೀಟರ್. ಒತ್ತದೆ ಬಿಟ್ಟಾಗ ಪೂರ್ತಿ ಒಳಗೆ ಇಳಿಯುವ ಯಾವ ವಸ್ತುವೂ ಮಗುವಿನ ಕೈಗೆ ಬರಕೂಡದು. ಇದನ್ನು ಗಟ್ಟಿ ಕಾಗದದಿಂದ ನೀವೇ ಮಾಡಿಕೊಳ್ಳಬಹುದು. 11 ಸೆಂಟಿಮೀಟರ್ ಉದ್ದ, 5.7 ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಕತ್ತರಿಸಿ, ಒಂದು ಸೆಂಟಿಮೀಟರನ್ನು ಒಂದರ ಮೇಲೊಂದು ಅಂಟಿಸಿದರೆ, ಸುತ್ತಳತೆ 10 ಸೆಂಟಿಮೀಟರ್ ಆಗಿ ಬೇಕಾದ ಅಗಲವೇ ದೊರೆಯುವುದು. ತಳವನ್ನು ಓರೆ ಮಾಡದೆ ಬಿಟ್ಟರೆ ಪರೀಕ್ಷೆ ಇನ್ನಷ್ಟು ಬಿಗಿಯಾಗುವುದು, ನಷ್ಟವಿಲ್ಲ.

ದುಂಡು ವಸ್ತುಗಳಿಗೆ ಈ ಕೊಳವೆ ಸಾಲದು. ಚೆಂಡು ಜಾರಿ ಗಂಟಲಿಗೆ ಬಿರಡೆಯಂತೆ ಹೊಂದಿಕೊಂಡುಬಿಟ್ಟರೆ ಉಸಿರಿಗೆ ಸಂದಿಯೇ ಉಳಿಯದು. ಆದುದರಿಂದ ಚೆಂಡುಗಳಿಗೆ 44.5 ಮಿಲಿಮೀಟರಿನ ಬಳೆಯಿಂದ ಅಳತೆ. 15 ಸೆಂಟಿಮೀಟರಿನ ಪಟ್ಟಿಯನ್ನು ಒಂದು ಸೆಂಟಿಮೀಟರ್ ಮಡಿಸಿ ಅಂಟಿಸಿದರೆ ಆ ಬಳೆ ಸಿದ್ಧ.

ನಮ್ಮ ವಿದ್ಯಾರ್ಥಿನಿಯ ಚೀಲವನ್ನು ಈ ಎರಡು ಕಾಗದದ ಬಳೆಗಳಿಂದ ಒಟ್ಟಿಗೆ ಕೂತು ಪರೀಕ್ಷಿಸಿದೆವು. ಒಂದರ ಮೇಲೊಂದು ಪೋಣಿಸುವ ಅರಗಿನ ಬಳೆಗಳು ದೊಡ್ಡವಾಗಿದ್ದು ನಿರಾಯಾಸವಾಗಿ ಗೆದ್ದವು. ಆದರೆ ಅವುಗಳ ತುದಿಗೆ ಸಿಕ್ಕಿಸುವ ಕೆಂಪು ಗುಂಡು 4 ಸೆಂಟಿಮೀಟರ್ ಇತ್ತು. ಅದು ಕೊಳವೆಯಲ್ಲಿ ಇಳಿಯಲಿಲ್ಲ. ಬಳೆಯಲ್ಲಿ ಮಾತ್ರ ನಿರಾತಂಕವಾಗಿ ತೂರಿತು. ಅದನ್ನು ತೆಗೆದಿಟ್ಟು ಉಳಿದದ್ದನ್ನು ಕೊಡೆಂದು ಹೇಳಿದೆವು. ಬಂಡಿಯ ಚಕ್ರಗಳು 3 ಸೆಂಟಿಮೀಟರ್, ಬಿರಡೆಗಳು ಒಂದು ಸೆಂಟಿಮೀಟರ್. ಕಳಚಿದರೆ ಎರಡೂ ಕೊಳವೆಯ ಪಾಲು. ಹಾಗಾದರೆ ಕಳಚುವುವೇ? ಪ್ರಮಾಣಪರೀಕ್ಷೆಯಲ್ಲಿ ಇಂಥ ಭಾಗಗಳನ್ನು ಸುಮಾರು 7 ಕಿಲೋ ಭಾರದಷ್ಟು ಬಲದಿಂದ 10 ಸೆಕೆಂಡು ಎಳೆಯುತ್ತಾರೆ. ನಾವು ಚಕ್ರಕ್ಕೆ ಬಟ್ಟೆಯ ಪಟ್ಟಿ ಸುತ್ತಿ, ಆರೂವರೆ ಲೀಟರ್ ನೀರು ಹಾಕಿದ ಪ್ಲಾಸ್ಟಿಕ್ ಬಕೆಟ್ಟನ್ನು ತೂಗಿಸಿ, ಬಂಡಿಯನ್ನು ಎತ್ತಿ ಹಿಡಿದೆವು. ಮೂರು ಚಕ್ರ ನಿಂತವು. ನಾಲ್ಕನೆಯದರ ಬಿರಡೆ ಬಕೆಟ್ಟು ನೆಲ ಬಿಡುವಾಗಲೇ ಕಳಚಿತು. ಅಂಟು ಕೆಟ್ಟಿದ್ದಿತು. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುವುದರಿಂದ ಮಳೆಗಾಲದಲ್ಲಿ ಬಿಗಿಯಾಗಿದ್ದ ಬಿರಡೆಯೂ ಸಡಿಲವಾಗಬಲ್ಲದು. ಪ್ರತಿ ಬೇಸಿಗೆಯಲ್ಲಿಯೂ ಹಿಡಿದು ತಿರುಚಿ ನೋಡುವುದು ಅವಶ್ಯಕ. ಬಂಡಿಯನ್ನು ಮೂರು ವರ್ಷ ತುಂಬುವ ತನಕ ಅಟ್ಟಕ್ಕೆ ಏರಿಸಲಾಯಿತು.

ಮೃದು ಪ್ಲಾಸ್ಟಿಕ್ಕಿನ ಬಾತುಕೋಳಿಯೂ ಚೀಲದಲ್ಲಿತ್ತು. ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕನ್ನು ಮೆದುವಾಗಿಸಲು ಥಾಲೇಟುಗಳೆಂಬ ಎಣ್ಣೆಯಂಥ ಪದಾರ್ಥಗಳನ್ನು ಬೆರೆಸುತ್ತಿದ್ದರು. ಚೀಪಿದಾಗ ಅವು ನಿಧಾನವಾಗಿ ಹೊರಬರುವುವು. ಗುರುತು ಪಡೆದ ಸಾಮಾನಿನಲ್ಲಿ ಇವುಗಳಿಗೆ ಮಿತಿಯುಂಟು. ಕಡು ವಾಸನೆಯದನ್ನೂ, ಹಳತಾಗಿ ಜಿಗುಟಾದದ್ದನ್ನೂ ಚೀಪಲು ಕೊಡಬಾರದು. ಆ ಬಾತುಕೋಳಿಯ ದೋಷ ಬೇರೆಯೇ ಇತ್ತು: ಹಿಂಡಿದಾಗ ಕೀಚೆನ್ನುವ ಪೀಪಿಯು ತಳದಲ್ಲಿ ಉಗುರಿಗೆ ಸಿಕ್ಕಿ ಎದ್ದು ಬಂದಿತು.

ಬಟ್ಟೆಯ ಬೊಂಬೆಗಳಲ್ಲಿ ಗುಂಡಿಯ ಕಣ್ಣಿಗಿಂತ ದಾರದಿಂದ ಕಸೂತಿ ಮಾಡಿದ ಕಣ್ಣು ಮೇಲು; ಹೊಲಿಗೆಯನ್ನು ಎರಡು ಕೈಗಳಿಂದ ಜಗ್ಗಿ, ಒಳಗಿನ ಹತ್ತಿ ಕಾಣುವುದೇ ಎಂದು ನೋಡತಕ್ಕದ್ದು. ಮಾತನಾಡುವ ಬೊಂಬೆಯಾದರೆ ಬ್ಯಾಟರಿಯ ಮುಚ್ಚಳವು ಸ್ಕ್ರೂವಿನಿಂದ ಬಿಗಿದಿರಲೇಬೇಕು. ನಾಣ್ಯದಂಥ ಬ್ಯಾಟರಿಯು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಸುಡಬಲ್ಲದು. ನುಂಗಿದ ಸಂಶಯ ಬಂದರೆ ಬೆಳಗಿನ ತನಕ ಕಾಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಆ ತಾಯಿ ಹೊರಡುವಾಗ ಕೇಳಿದ್ದು ಇಷ್ಟೇ: "ಅಮ್ಮನವರೇ, ಮತ್ತೆ ಹಾಗೆ ಸಿಕ್ಕಿಕೊಂಡರೆ?" ಮಗು ಗಟ್ಟಿಯಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಸದ್ದೇ ಹೊರಡದಿದ್ದರೆ, ತಲೆಯನ್ನು ತಗ್ಗಿಸಿ ಹಿಡಿದು, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಹೊಡೆಯಬೇಕು. ಅಷ್ಟಕ್ಕೂ ಬಾರದಿದ್ದರೆ, ವರ್ಷ ತುಂಬದ ಕೂಸಿಗೆ ಎದೆಯ ನಡುವೆ ಒಂದು ಅಂಗೈಯ ಬುಡದಿಂದ ಐದು ಸಲ ಒತ್ತಬೇಕು. ವರ್ಷ ತುಂಬಿದ ಮಗುವಿಗಾದರೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಗಡೆ ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ಹೀಗೆ ಒಂದಾದ ಮೇಲೊಂದನ್ನು ಮಾಡುತ್ತಾ, ಜತೆಯಲ್ಲಿರುವವರಿಂದ 108ಕ್ಕೆ ಕರೆ ಮಾಡಿಸಬೇಕು. ವಸ್ತು ಕಣ್ಣಿಗೆ ಕಾಣದೆ ಬಾಯೊಳಗೆ ಬೆರಳಿಟ್ಟು ತಡಕಬಾರದು. ಅದು ಇನ್ನೂ ಕೆಳಗೆ ಹೋಗುವುದು. ಮರುದಿನ ಅವಳು ತನ್ನ ಅತ್ತೆಯವರನ್ನೂ ಕರೆದುಕೊಂಡು ಬಂದು, ನಮ್ಮ ಶಿಶುವಿಹಾರದ ಬಟ್ಟೆಯ ಬೊಂಬೆಯ ಮೇಲೆ ಇದನ್ನು ಇಬ್ಬರೂ ಮಾಡಿ ನೋಡಿ ಹೋದರು.