ಎರಡನೇ ಕಂತು ಯಾಕೆ ತಡವಾಯಿತು?



ಕಳೆದ ವರ್ಷ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಒಕ್ಕೂಟದ ಪ್ರತಿ ಸಭೆಯಲ್ಲೂ ನಮಗೆ ಎದುರಾದದ್ದು ಒಂದೇ ಪ್ರಶ್ನೆ. “ಸಿಸ್ಟರ್, ಮೊದಲ ಮೂವತ್ತು ಜನಕ್ಕೆ ಆಡು ಸಿಕ್ತು. ನಮ್ಮ ಮೂವತ್ತು ಜನಕ್ಕೆ ಯಾವಾಗ? ದುಡ್ಡು ಮಂಜೂರಾಗಿದೆ ಅಂತ ನೀವೇ ಹೇಳಿದ್ರಲ್ಲ?” ಮಂಜೂರಾಗಿತ್ತು ನಿಜ. ಆದರೆ ಮಂಜೂರಾದ ಹಣ ಬೇರೆ, ಬಿಡುಗಡೆಯಾದ ಹಣ ಬೇರೆ. ಆಗ ನಾವು ಸರಿಯಾಗಿ ಬಿಡಿಸಿ ಹೇಳಲಿಲ್ಲ, ಈಗ ಹೇಳುತ್ತೇವೆ.

ಆಡು ಸಾಕಣೆ ಯೋಜನೆಗೆ ನಮ್ಮ ದೇಶದ್ದೇ ಒಂದು ಟ್ರಸ್ಟ್ ಒಟ್ಟು 9 ಲಕ್ಷ ರೂಪಾಯಿ ಒಪ್ಪಿಕೊಂಡಿತ್ತು. ಒಪ್ಪಂದದ ಪ್ರಕಾರ ಮೊದಲ ಕಂತು 4 ಲಕ್ಷ, ಎರಡನೆಯದು 3 ಲಕ್ಷ 50 ಸಾವಿರ, ಕೊನೆಯದು 1 ಲಕ್ಷ 50 ಸಾವಿರ. ಎರಡನೇ ಕಂತಿಗೆ ಎರಡು ಷರತ್ತು ಇತ್ತು. ಮೊದಲ ಕಂತಿನಲ್ಲಿ ನೂರಕ್ಕೆ 80ರಷ್ಟು ಖರ್ಚಾಗಿರಬೇಕು, ಆ ಖರ್ಚಿನ ಹಣ ಬಳಕೆ ವರದಿಯನ್ನು ಅವರು ನೋಡಿ ಒಪ್ಪಿರಬೇಕು. ನಮ್ಮ ಸಂಘಗಳಲ್ಲೂ ಹಳೇ ಸಾಲದ ಕಂತು ಕಟ್ಟದವರಿಗೆ ಹೊಸ ಸಾಲ ಕೊಡುವುದಿಲ್ಲ ಅಲ್ವಾ? ಇಲ್ಲಿ ಹಣ ವಾಪಸ್ ಕೊಡುವುದಿಲ್ಲ, ಲೆಕ್ಕ ವಾಪಸ್ ಕೊಡುತ್ತೇವೆ.

4 ಲಕ್ಷದ 80 ಭಾಗ ಅಂದರೆ 3 ಲಕ್ಷ 20 ಸಾವಿರ. ಮೊದಲ ಕಂತಿನಲ್ಲಿ ಮೂವತ್ತು ಮಹಿಳೆಯರಿಗೆ ತಲಾ ಎರಡು ಆಡು, ಒಂದಕ್ಕೆ 4,500ರಂತೆ, 2 ಲಕ್ಷ 70 ಸಾವಿರ ಇಟ್ಟಿದ್ದೆವು. ಉಳಿದದ್ದು ಕೊಟ್ಟಿಗೆ ಸಾಮಾನು, ತರಬೇತಿ, ವಿಮೆ ಮತ್ತು ಲಸಿಕೆ, ಓಡಾಟಕ್ಕೆ. ಆರು ಸಂಘಗಳಿಗೆ ತಲಾ 45,000 ರೂಪಾಯಿ ಮುಂಗಡ ಚೆಕ್ ಕೊಟ್ಟೆವು. ಸೆಪ್ಟೆಂಬರ್ ಕೊನೆಗೆ ಲೆಕ್ಕ ಮುಚ್ಚಿದಾಗ ಎಲ್ಲಾ ಸೇರಿ 3 ಲಕ್ಷ 82 ಸಾವಿರ ಹೊರಗೆ ಹೋಗಿತ್ತು. ಅಷ್ಟನ್ನೂ ಖರ್ಚು ಅಂತ ಬರೆದು ಅಕ್ಟೋಬರ್ 12ಕ್ಕೆ ವರದಿ ಕಳುಹಿಸಿದೆವು.

ತಪ್ಪು ಆದದ್ದು ಅಲ್ಲೇ, ಮತ್ತು ಅದು ನಮ್ಮ ಕಚೇರಿಯ ತಪ್ಪು. ಸಂಘಕ್ಕೆ ಚೆಕ್ ಕೊಟ್ಟ ದಿನ ಹಣ ನಮ್ಮ ಖಾತೆಯಿಂದ ಹೋಗುತ್ತದೆ, ಆದರೆ ಖರ್ಚಾಗುವುದಿಲ್ಲ. ಅದು ಮುಂಗಡ. ಆಡು ಕೊಂಡು ಅದರ ವೋಚರ್ ನಮ್ಮ ಕೈಗೆ ಬಂದ ಮೇಲೆ ಮಾತ್ರ ಖರ್ಚು. “45,000 ಪಡೆದಿದ್ದೇವೆ” ಎಂದು ಸಂಘದವರು ಸಹಿ ಹಾಕಿದ ರಸೀದಿ, ಹಣ ತಲುಪಿತು ಅನ್ನುವುದಕ್ಕೆ ಸಾಕ್ಷಿಯೇ ಹೊರತು ಆಡು ಬಂತು ಅನ್ನುವುದಕ್ಕಲ್ಲ. ಟ್ರಸ್ಟಿನ ಲೆಕ್ಕ ವಿಭಾಗದವರು ಹತ್ತೇ ದಿನದಲ್ಲಿ ಕೇಳಿದರು: ಎರಡು ಸಂಘಗಳ 90,000 ರೂಪಾಯಿಗೆ ವೋಚರ್ ಎಲ್ಲಿ? ಆ 90,000 ತೆಗೆದರೆ ನಿಜವಾದ ಖರ್ಚು 2 ಲಕ್ಷ 92 ಸಾವಿರ. ಅಂದರೆ ನೂರಕ್ಕೆ 73. ಷರತ್ತು ಮುಟ್ಟಲಿಲ್ಲ, ಕಂತು ನಿಂತಿತು.

ನಮ್ಮ ಕಾರ್ಯಕರ್ತೆ ಎರಡೂ ಊರಿಗೆ ಹೋಗಿ ಬಂದರು. ಒಂದು ಸಂಘದಲ್ಲಿ ಹತ್ತು ಆಡೂ ಬಂದಿದ್ದವು, ವೋಚರ್‌ಗಳೂ ಇದ್ದವು. ಪ್ರತಿನಿಧಿ ಅಕ್ಕ ಮಗಳ ಬಾಣಂತನಕ್ಕೆ ಹೋಗುವಾಗ ಟ್ರಂಕಿನೊಳಗಿಟ್ಟು ಬೀಗ ಹಾಕಿಕೊಂಡು ಹೋಗಿದ್ದರು ಅಷ್ಟೇ. ಇನ್ನೊಂದು ಸಂಘದವರು ಆಡು ಕೊಂಡೇ ಇರಲಿಲ್ಲ. ಸಂತೆಗೆ ಬಂದ ಆಡುಗಳಿಗೆ ಮೂಗಿನಲ್ಲಿ ಸೋರುತ್ತಿತ್ತು, ಭೇದಿ ಇತ್ತು, ಬೇಡ ಅಂತ ವಾಪಸ್ ಬಂದಿದ್ದರು. ಹಣ ಪೂರ್ತಿ ಅವರ ಪಾಸ್‌ಬುಕ್ಕಿನಲ್ಲಿತ್ತು. ಅವರು ಮಾಡಿದ್ದು ಬುದ್ಧಿವಂತಿಕೆಯ ಕೆಲಸ. ಆದರೆ ನಮಗೆ ತಿಳಿಸಲಿಲ್ಲ, ನಾವೂ ಕೇಳಲಿಲ್ಲ, ಇಲ್ಲದ ಹತ್ತು ಆಡುಗಳನ್ನು ವರದಿಯಲ್ಲಿ ಇದೆ ಅಂತ ಬರೆದುಬಿಟ್ಟೆವು.

ನವೆಂಬರ್ 3ಕ್ಕೆ ತಿದ್ದಿದ ವರದಿ ಕಳುಹಿಸಿದೆವು. ಅದರಲ್ಲಿ ಖರ್ಚು 3 ಲಕ್ಷ 37 ಸಾವಿರ, ಅಂದರೆ ನೂರಕ್ಕೆ 84ಕ್ಕೆ ಸ್ವಲ್ಪ ಮೇಲೆ. ಬಾಕಿ ಮುಂಗಡ 45,000 ಎಂದು ಬೇರೆ ಸಾಲಿನಲ್ಲಿ, ಕಾರಣ ಸಮೇತ. ಬ್ಯಾಂಕು ಕೊಟ್ಟ ಬಡ್ಡಿ 4,600ನ್ನೂ ತೋರಿಸಿದೆವು. ಬಡ್ಡಿಯೂ ಯೋಜನೆಯ ಹಣವೇ. ಈಗ ಕೂಡಿಸಿ ಕಳೆದು ನೋಡಿ: 4 ಲಕ್ಷ 4 ಸಾವಿರದ 600ರಲ್ಲಿ ಖರ್ಚು ಮತ್ತು ಮುಂಗಡ ಕಳೆದರೆ 22,600. ಪಾಸ್‌ಬುಕ್ಕಿನಲ್ಲೂ ಅಷ್ಟೇ ಇತ್ತು. ಲೆಕ್ಕ ನೋಡುವವರು ಮೊದಲು ನೋಡುವುದು ಇದನ್ನೇ. ವರದಿಯ ಬಾಕಿಗೂ ಪಾಸ್‌ಬುಕ್ಕಿಗೂ ನೂರು ರೂಪಾಯಿ ವ್ಯತ್ಯಾಸ ಇದ್ದರೂ ಮುಂದಿನ ಪುಟ ತಿರುಗಿಸುವುದಿಲ್ಲ.

ವರದಿ ಒಪ್ಪಿದ್ದೇವೆ ಅಂತ ನವೆಂಬರ್ 14ಕ್ಕೆ ಪತ್ರ ಬಂತು. ಅಷ್ಟಕ್ಕೇ ಹಣ ಬರುವುದಿಲ್ಲ, ನಾವು ಕೇಳಬೇಕು. ಇದು ಹಲವರಿಗೆ ಗೊತ್ತಿಲ್ಲ. ವರದಿ ಓದುವವರು ಒಬ್ಬರು, ಹಣ ಬಿಡುವವರು ಇನ್ನೊಬ್ಬರು. ಹಣ ಬಿಡುವವರ ಮೇಜಿಗೆ ನಮ್ಮ ಕೋರಿಕೆ ಪತ್ರ ಹೋದಾಗ, ಒಪ್ಪಂದದ ಯಾವ ಷರತ್ತು, ಯಾವ ವರದಿ, ಯಾವಾಗ ಒಪ್ಪಿದ್ದು ಎಂಬುದೆಲ್ಲ ಅದರಲ್ಲೇ ಇರಬೇಕು. ಇಲ್ಲದಿದ್ದರೆ ವರದಿ ಒಂದು ಫೈಲಿನಲ್ಲಿ, ಕೋರಿಕೆ ಇನ್ನೊಂದು ಫೈಲಿನಲ್ಲಿ ಕೂತುಬಿಡುತ್ತವೆ. ನಾವು ಬರೆದದ್ದು ಹೀಗಿತ್ತು:

“ಮಾನ್ಯರೇ, ನಮ್ಮ ನಿಮ್ಮ ಒಪ್ಪಂದದಂತೆ ಆಡು ಸಾಕಣೆ ಯೋಜನೆಯ ಮೊದಲ ಕಂತು ರೂ. 4,00,000 ಏಪ್ರಿಲ್‌ನಲ್ಲಿ ನಮಗೆ ತಲುಪಿದೆ. ಇದರ ಹಣ ಬಳಕೆ ವರದಿಯನ್ನು ನವೆಂಬರ್ 3ರಂದು ಸಲ್ಲಿಸಿದ್ದು, ತಾವು ನವೆಂಬರ್ 14ರ ಪತ್ರದಲ್ಲಿ ಒಪ್ಪಿರುತ್ತೀರಿ. ವರದಿಯಂತೆ ಖರ್ಚು ರೂ. 3,37,000, ಬಾಕಿ ಮುಂಗಡ ರೂ. 45,000, ಬಡ್ಡಿ ಸೇರಿ ಬ್ಯಾಂಕ್ ಶಿಲ್ಕು ರೂ. 22,600. ಎರಡನೇ ಕಂತಿನ ಷರತ್ತು ಪೂರೈಸಿರುವುದರಿಂದ ಒಪ್ಪಂದದಲ್ಲಿರುವ ರೂ. 3,50,000ನ್ನು ಬಿಡುಗಡೆ ಮಾಡಬೇಕಾಗಿ ಕೋರುತ್ತೇವೆ. ಉಳಿದ ಮೂವತ್ತು ಮಹಿಳೆಯರಿಗೆ ಆಡು ಕೊಳ್ಳುವ ಆರು ತಿಂಗಳ ಖರ್ಚಿನ ಪಟ್ಟಿ ಲಗತ್ತಿಸಿದೆ.”

ನಮ್ಮ ಕಷ್ಟ, ಬಡತನ, ಕಾಯುತ್ತಿರುವವರ ಕಣ್ಣೀರು ಯಾವುದೂ ಇದರಲ್ಲಿ ಇಲ್ಲ. ಅದೆಲ್ಲ ಮೊದಲು ಯೋಜನೆ ಬರೆಯುವಾಗ ಹೇಳಿ ಆಗಿದೆ. ಇಲ್ಲಿ ಬೇಡುವುದಿಲ್ಲ, ಒಪ್ಪಿದ್ದನ್ನು ಕೇಳುತ್ತೇವೆ. ಪತ್ರದಲ್ಲಿರುವ ಒಂದೊಂದು ಅಂಕಿಯೂ ವರದಿಯಲ್ಲಿ ಇದ್ದದ್ದೇ ಆಗಿರಬೇಕು. ಒಂದು ಬೇರೆಯಾದರೂ ಮತ್ತೆ ಮೊದಲಿನಿಂದ ಶುರು.

ಡಿಸೆಂಬರ್ ಮೊದಲ ವಾರ ಹಣ ಬಂತು. ಅಕ್ಟೋಬರ್‌ನಲ್ಲೇ ವರದಿ ಸರಿ ಇದ್ದಿದ್ದರೆ ನವೆಂಬರ್‌ನಲ್ಲೇ ಬರುತ್ತಿತ್ತೇನೋ. ಅಷ್ಟರಲ್ಲಿ ಜಾತ್ರೆಗಳು ಹತ್ತಿರ ಬಂದು ಆಡಿನ ಬೆಲೆ ಏರಿತ್ತು. 4,500ಕ್ಕೆ ಸಿಗುತ್ತಿದ್ದ ಆಡಿಗೆ 5,000 ಕೇಳಿದರು. ಎರಡನೇ ತಂಡದ ಅಕ್ಕಂದಿರಲ್ಲಿ ಕೆಲವರು ಕೈಯಿಂದ ಹಾಕಿ ಕೊಂಡರು, ಕೆಲವರು ಸಣ್ಣ ಮರಿ ಹಿಡಿದು ತಂದರು. ತಡದ ಬೆಲೆ ತೆತ್ತವರು ಅವರು.

ಸಂತೆಯಲ್ಲಿ ಯಾರೂ ಬಿಲ್ ಕೊಡುವುದಿಲ್ಲ ಅಂತ ನೀವು ಹೇಳುತ್ತೀರಿ. ನಿಜ. ಅದಕ್ಕೇ ಸಂಘದ ವೋಚರ್ ಇರುವುದು. ಮಾರಿದವರ ಹೆಸರು, ಊರು, ಆಡಿನ ಬಣ್ಣ ಮತ್ತು ಗುರುತು, ಬೆಲೆ, ತಾರೀಕು, ಮಾರಿದವರ ಸಹಿ ಅಥವಾ ಹೆಬ್ಬೆಟ್ಟು, ಕೊಂಡವರ ಸಹಿ, ಜೊತೆಗೆ ಹೋದ ಇಬ್ಬರು ಸದಸ್ಯರ ಸಹಿ. 5,000 ರೂಪಾಯಿಗಿಂತ ಹೆಚ್ಚಾದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ ಬೀಳಬೇಕು. ಇದನ್ನು ಸಂತೆಯಲ್ಲೇ ಬರೆಸಿ. ಮನೆಗೆ ಬಂದು ಹತ್ತು ವೋಚರ್ ಒಟ್ಟಿಗೆ ಒಂದೇ ಪೆನ್ನಿನಲ್ಲಿ ಬರೆದರೆ ಆಡಿಟರ್‌ಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಹತ್ತು ಊರಿನ ಹತ್ತು ಜನ ಒಂದೇ ಥರ ಸಹಿ ಹಾಕುವುದಿಲ್ಲವಲ್ಲ! ಆಮೇಲೆ ನಿಜವಾಗಿ ಕೊಂಡ ಆಡಿನ ಮೇಲೂ ಅನುಮಾನ.

ಒಂದು ಮಾತು ಸೇರಿಸುತ್ತೇವೆ. ಸರ್ಕಾರದ ಅನುದಾನವಾದರೆ ಅದಕ್ಕೆ ಅದರದೇ ನಮೂನೆಯ ಹಣ ಬಳಕೆ ಪ್ರಮಾಣಪತ್ರ ಕೊಡಬೇಕು. ವಿದೇಶಿ ಹಣವಾದರೆ 2020ರ ತಿದ್ದುಪಡಿಯ ನಂತರ ಅದನ್ನು ಬೇರೆ ಸಂಸ್ಥೆಗೆ ದಾಟಿಸುವಂತಿಲ್ಲ. ಆದ್ದರಿಂದ ಒಂದು ಯೋಜನೆಯಲ್ಲಿ ಮಾಡಿದಂತೆ ಇನ್ನೊಂದರಲ್ಲೂ ಮಾಡೋಣ ಅಂದುಕೊಳ್ಳಬೇಡಿ, ಮೊದಲು ಕಚೇರಿಯಲ್ಲಿ ಕೇಳಿ.

ಮೂರನೇ ಕಂತಿನ 1 ಲಕ್ಷ 50 ಸಾವಿರ ಇನ್ನೂ ಬರಬೇಕು. ಮುಂಗಡ ಪಡೆದ ಸಂಘಗಳು ವೋಚರ್‌ಗಳನ್ನು ಪ್ರತಿ ತಿಂಗಳ ಒಕ್ಕೂಟ ಸಭೆಗೇ ತನ್ನಿ. ಆಡು ಕೊಳ್ಳದೇ ಇದ್ದರೆ ಹಾಗಂತ ನಡಾವಳಿ ಪುಸ್ತಕದಲ್ಲಿ ಬರೆದು ಪಾಸ್‌ಬುಕ್ ತನ್ನಿ. ಕೊಳ್ಳಲಿಲ್ಲ ಅಂದದ್ದಕ್ಕೆ ಯಾರೂ ಬೈಯುವುದಿಲ್ಲ.